ಅಮ್ಮನಿಗೆ ಯಾವ ಫೋನ್ ಉಡುಗೊರೆ? ವಿದೇಶದಿಂದ ಕಳಿಸುವ ಮುನ್ನ ಮಗ ಬರೆದ ಈ ಐದು ಮಾತು ಓದಿ

ಮುಂಬೈ: ಗಣೇಶ ಚತುರ್ಥಿಗೆ ಊರಿಗೆ ಹೊರಟ ಗೆಳೆಯನ ಕೈಯಲ್ಲಿ ಅಮ್ಮನಿಗೊಂದು ಹೊಸ ಫೋನ್ ಕಳಿಸಿಬಿಡೋಣ. ಅಮೆರಿಕದಲ್ಲೋ ಗಲ್ಫ್‌ನಲ್ಲೋ ಕೆಲಸ ಮಾಡುವ ಮಕ್ಕಳಿಗೆ ಮೊದಲು ಹೊಳೆಯುವ ಯೋಚನೆ ಇದು. ಡೊಂಬಿವಲಿ, ಥಾಣೆ, ಮುಲುಂಡ್, ಗೋರೆಗಾಂವ್ ಕಡೆಯ ಕನ್ನಡಿಗರ ಎಷ್ಟೋ ಮನೆಗಳಿಗೆ ಫೋನ್ ಬಂದಿರುವುದು ಹೀಗೆಯೇ. ಆದರೆ ಈಚಿನ ಕೆಲವು ವರ್ಷಗಳಲ್ಲಿ ಫೋನ್‌ಗಳೂ ಬದಲಾಗಿವೆ, ಬ್ಯಾಂಕ್‌ಗಳ ನಿಯಮಗಳೂ ಬದಲಾಗಿವೆ. ಅಲ್ಲಿ ಅತ್ಯುತ್ತಮ ಎನಿಸಿಕೊಂಡ ಫೋನ್ ಇಲ್ಲಿ ಅಮ್ಮನ ಕೈಗೆ ಬಂದ ದಿನವೇ ತೊಂದರೆ ಕೊಡಬಹುದು.

ಹಾಗಾದರೆ ಯಾವ ಫೋನ್ ಕೊಡಬೇಕು? ಇದನ್ನು ತಿಳಿಯಲು ಒಂದು ಮನೆಯನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಉಡುಪಿ ಕಡೆಯಿಂದ ಮದುವೆಯಾಗಿ ಬಂದು ಡೊಂಬಿವಲಿಯಲ್ಲಿ ನೆಲೆಸಿದ 66 ವರ್ಷದ ತಾಯಿ. ಮಗ ಅಮೆರಿಕದ ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತಾಯಿಯ ಬಳಿ ಐದಾರು ವರ್ಷ ಹಳೆಯ, 32 ಜಿಬಿಯ ಆಂಡ್ರಾಯ್ಡ್ ಫೋನ್ ಇದೆ. ದಿನಾ ಜಾಗ ಸಾಲದು ಎನ್ನುತ್ತದೆ. ಅದರಲ್ಲಿ ಅವರು ಮಾಡುವ ಕೆಲಸ ನಾಲ್ಕೇ: ಮಗನ ಜೊತೆ ವಾಟ್ಸ್ಆ್ಯಪ್ ವಿಡಿಯೋ ಕಾಲ್, ತರಕಾರಿಯವನಿಗೆ ಯುಪಿಐ, ಕರೆಂಟ್ ಮತ್ತು ಗ್ಯಾಸ್ ಬಿಲ್, ಬ್ಯಾಂಕಿನಿಂದ ಬರುವ ಒಟಿಪಿ.

ಮಗ ಕೊನೆಗೆ ತಾಯಿಗೆ ಬರೆಯುವ ಸಂದೇಶ ಇಷ್ಟು:

"ಅಮ್ಮಾ, ಇಲ್ಲಿಂದ ಫೋನ್ ಕಳಿಸುವುದಿಲ್ಲ. ದುಡ್ಡು ಹಾಕ್ತೇನೆ, ಅಲ್ಲೇ ತಗೋ. ಒಂದು, ಸಿಮ್ ಕಾರ್ಡ್ ಹಾಕುವ ಜಾಗ ಇರುವ ಫೋನೇ ಬೇಕು. ಎರಡು, ಈಗ ಇರುವ ಹಾಗೆ ಆಂಡ್ರಾಯ್ಡೇ ಇರಲಿ, ನನ್ನ ಹತ್ತಿರ ಐಫೋನ್ ಇದೆ ಅಂತ ನೀನೂ ಅದನ್ನೇ ತಗೊಳ್ಬೇಡ. ಮೂರು, 128 ಜಿಬಿಗಿಂತ ಕಡಿಮೆ ಬೇಡ, ಅಪ್‌ಡೇಟ್ ಯಾವ ವರ್ಷದವರೆಗೆ ಬರ್ತದೆ ಅಂತ ಕೇಳು. ನಾಲ್ಕು, ಕೈಯಲ್ಲಿ ಹಿಡಿದು ನೋಡದೆ ತಗೊಳ್ಬೇಡ, ಬಿಲ್ಲಿನಲ್ಲಿ ಐಎಂಇಐ ನಂಬರ್ ಬರೆಸಿಕೋ. ಐದು, ಹಳೇ ಫೋನನ್ನು ಅದೇ ದಿನ ಎಕ್ಸ್‌ಚೇಂಜಿಗೆ ಕೊಡ್ಬೇಡ. ಉಳಿದದ್ದು ಮಂಗಳವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಮಾಡುವ."

ಈ ಐದೂ ಮಾತಿನ ಹಿಂದೆ ಕಾರಣ ಇದೆ. ಒಂದೊಂದಾಗಿ ನೋಡೋಣ.

1. ಸಿಮ್ ಹಾಕುವ ಜಾಗ ಏಕೆ ಮುಖ್ಯ?

2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಕಾರ್ಡ್ ಹಾಕುವ ತಟ್ಟೆಯೇ ಇಲ್ಲ. ಅವು ಇ-ಸಿಮ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅಂದರೆ ಕಾರ್ಡಿನ ಬದಲು ಫೋನಿನೊಳಗಿನ ಚಿಪ್‌ಗೇ ನಂಬರ್ ಇಳಿಸಬೇಕು. 2025ರ ಐಫೋನ್ 17 ಬಂದಾಗ ಯುಎಇ, ಸೌದಿ ಅರೇಬಿಯಾ, ಕತಾರ್, ಕುವೈತ್, ಒಮಾನ್, ಬಹರೈನ್, ಕೆನಡಾ, ಜಪಾನ್‌ಗಳಲ್ಲೂ ಇದೇ ವ್ಯವಸ್ಥೆ ಬಂತು. ಗೂಗಲ್ ಪಿಕ್ಸೆಲ್ 10 ಕೂಡ ಅಮೆರಿಕದಲ್ಲಿ ಸಿಮ್ ತಟ್ಟೆ ಇಲ್ಲದೆ ಬಂದಿದೆ. ಭಾರತದಲ್ಲಿ ಮಾರುವ ಐಫೋನ್ 17ರಲ್ಲಿ ಮಾತ್ರ ಒಂದು ಸಿಮ್ ಕಾರ್ಡ್‌ಗೆ ಜಾಗ ಇದೆ. ಹೆಸರು ಒಂದೇ ಆದರೂ ಫೋನ್ ಒಂದೇ ಅಲ್ಲ.

ಇ-ಸಿಮ್ ಕೆಟ್ಟದ್ದಲ್ಲ. ಲೋಕಲ್ ರೈಲಿನಲ್ಲಿ ಫೋನ್ ಕಳುವಾದರೆ ಕಳ್ಳನಿಗೆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಒಟಿಪಿ ನೋಡಲು ಆಗುವುದಿಲ್ಲ. ಜಿಯೋ, ಏರ್‌ಟೆಲ್, ವಿಐ ಮೂರೂ ಇ-ಸಿಮ್ ಕೊಡುತ್ತವೆ. ಅಮ್ಮನ ವಿಷಯದಲ್ಲಿ ತೊಂದರೆ ಬೇರೆಯದು. ಸಿಮ್ ಕಾರ್ಡ್ ಇದ್ದರೆ ಫೋನ್ ಕೆಟ್ಟ ದಿನ ಪಕ್ಕದ ಮನೆಯ ಹುಡುಗ ಬಂದು ಪಿನ್ನು ಚುಚ್ಚಿ ಸಿಮ್ ತೆಗೆದು ಹಳೆಯ ಫೋನಿಗೆ ಹಾಕಿಕೊಟ್ಟರೆ ಮುಗಿಯಿತು. ಎರಡು ನಿಮಿಷದ ಕೆಲಸ. ಇ-ಸಿಮ್ ಆದರೆ ಸತ್ತ ಫೋನಿನಿಂದ ನಂಬರನ್ನು ಹೊರತೆಗೆಯುವಂತಿಲ್ಲ. ಆಧಾರ್ ಹಿಡಿದು ಕಂಪನಿಯ ಅಂಗಡಿಗೆ ಹೋಗಬೇಕು, ಹೊಸ ಸಿಮ್ ಪಡೆಯಬೇಕು.

ಅಷ್ಟೇ ಅಲ್ಲ. ಸಿಮ್ ಬದಲಿಸಿಕೊಂಡಾಗ ಮೊದಲ 24 ಗಂಟೆ ಆ ನಂಬರಿನ ಎಸ್ಸೆಮ್ಮೆಸ್ ಸೇವೆ ತಡೆಹಿಡಿಯಬೇಕು ಎಂದು ದೂರಸಂಪರ್ಕ ಇಲಾಖೆ 2022ರಲ್ಲಿ ಆದೇಶಿಸಿದೆ. ಬೇರೆಯವರ ಹೆಸರಿನಲ್ಲಿ ನಕಲಿ ಸಿಮ್ ಪಡೆದು ಬ್ಯಾಂಕ್ ಖಾತೆ ಖಾಲಿ ಮಾಡುವವರನ್ನು ತಡೆಯಲು ತಂದ ನಿಯಮ ಇದು. ಆದರೆ ಸಿಮ್ ಕಾರ್ಡನ್ನು ಇ-ಸಿಮ್‌ಗೆ ಬದಲಿಸುವ ಅಮ್ಮನಿಗೂ ಇದೇ ಅನ್ವಯ. ಆ ಒಂದು ದಿನ ಬ್ಯಾಂಕಿನ ಒಟಿಪಿ ಬರುವುದಿಲ್ಲ, ಯುಪಿಐ ಹೊಸದಾಗಿ ಜೋಡಿಸಲು ಆಗುವುದಿಲ್ಲ. ಇದ್ದ ಸಿಮ್ ಕಾರ್ಡನ್ನೇ ಹಳೆಯ ಫೋನಿನಿಂದ ತೆಗೆದು ಹೊಸದಕ್ಕೆ ಹಾಕಿದರೆ ಈ ತಡೆ ಇಲ್ಲ, ಏಕೆಂದರೆ ಅಲ್ಲಿ ಸಿಮ್ ಬದಲಾಗಿಲ್ಲ, ಫೋನ್ ಮಾತ್ರ ಬದಲಾಗಿದೆ.

ಸಿಮ್ ಜಾಗ ಇರುವ ವಿದೇಶಿ ಫೋನ್ ತಂದರೂ ಎರಡು ಸಮಸ್ಯೆ ಕಾಡಬಹುದು. ಒಂದು, ಕಂತಿನಲ್ಲಿ ಕೊಂಡ ಫೋನ್. ಅಮೆರಿಕದಲ್ಲಿ ಮೊಬೈಲ್ ಕಂಪನಿಗಳ ಮೂಲಕ ಕಂತಿನಲ್ಲಿ ಕೊಂಡ ಫೋನ್ ಆ ಕಂಪನಿಯ ಸಿಮ್‌ಗೇ ಲಾಕ್ ಆಗಿರುವುದು ಸಾಮಾನ್ಯ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ General, ಅದರೊಳಗೆ About ತೆರೆದು Carrier Lock ಎಂಬ ಸಾಲು ನೋಡಬೇಕು. ಅಲ್ಲಿ No SIM restrictions ಎಂದಿದ್ದರೆ ಮಾತ್ರ ಭಾರತದ ನಂಬರ್ ನಡೆಯುತ್ತದೆ. ಇದನ್ನು ನೋಡಬೇಕಾದದ್ದು ಸಿಯಾಟಲ್‌ನಲ್ಲಿ, ಡೊಂಬಿವಲಿಯಲ್ಲಿ ಅಲ್ಲ.

ಎರಡು, ಕರೆ. ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ. ಅದರಲ್ಲಿ ಪ್ರತಿ ಕರೆಯೂ 4ಜಿ ಅಥವಾ 5ಜಿ ಇಂಟರ್‌ನೆಟ್ ಜಾಲದ ಮೂಲಕವೇ ಹೋಗುತ್ತದೆ. ಇದನ್ನು ವೋಲ್ಟ್ ಎನ್ನುತ್ತಾರೆ. ಬೇರೆ ದೇಶಕ್ಕೆಂದು ತಯಾರಾದ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಭಾರತದ ಕಂಪನಿಗಳಿಗೆ ಬೇಕಾದ ಈ ಸೌಲಭ್ಯ ತೆರೆದಿರುವುದಿಲ್ಲ. ಆಗ ವಾಟ್ಸ್ಆ್ಯಪ್ ಚೆನ್ನಾಗಿ ನಡೆಯುತ್ತದೆ, ಯೂಟ್ಯೂಬ್ ಓಡುತ್ತದೆ, ಆದರೆ ಮಾಮೂಲಿ ಕರೆ ಹೋಗುವುದಿಲ್ಲ. ನೆಟ್ ಇದೆ, ಕರೆ ಇಲ್ಲ ಎಂದಾದರೆ ಮೊದಲು ಸಂಶಯ ಪಡಬೇಕಾದದ್ದು ಇದನ್ನೇ.

ಇದರ ಮೇಲೆ ವಾರಂಟಿಯ ಪ್ರಶ್ನೆ. ಹಲವು ಕಂಪನಿಗಳ ಫೋನ್ ವಾರಂಟಿ ಕೊಂಡ ದೇಶಕ್ಕೆ ಸೀಮಿತ. ವಿದೇಶಿ ಬಿಲ್ ಹಿಡಿದು ಇಲ್ಲಿನ ಸರ್ವಿಸ್ ಸೆಂಟರ್‌ಗೆ ಹೋದರೆ ದುಡ್ಡು ಕೊಟ್ಟು ರಿಪೇರಿ ಮಾಡಿಸಬೇಕಾಗಬಹುದು. ಅದೇ ಹೆಸರಿನ ಫೋನಾದರೂ ಮಾಡೆಲ್ ಸಂಖ್ಯೆ ಬೇರೆ ಇದ್ದರೆ ಬಿಡಿಭಾಗ ಸಿಗದೆ ಕಾಯಬೇಕಾದೀತು. ಫೋನ್ ಅಮ್ಮನದು, ಅದನ್ನು ಹಿಡಿದು ಸರ್ವಿಸ್ ಸೆಂಟರ್‌ಗೆ ಅಲೆಯಬೇಕಾದವರೂ ಅಮ್ಮನೇ.

2. ಆಂಡ್ರಾಯ್ಡೋ, ಐಫೋನೋ?

ಮಗನ ಕೈಯಲ್ಲಿ ಐಫೋನ್ ಇದೆ. ತನಗೆ ಗೊತ್ತಿರುವ ಫೋನನ್ನೇ ಅಮ್ಮನಿಗೂ ಕೊಟ್ಟರೆ ಹೇಳಿಕೊಡುವುದು ಸುಲಭ ಎಂದು ಅವನಿಗೆ ಅನ್ನಿಸುವುದು ಸಹಜ. ಆದರೆ ದಿನಕ್ಕೆ ಹತ್ತು ನಿಮಿಷ ಹೇಳಿಕೊಡುವವನು ಮಗ, ಉಳಿದ ಹೊತ್ತೆಲ್ಲ ಬಳಸುವವರು ಅಮ್ಮ. ಹಿಂದಕ್ಕೆ ಹೋಗುವ ಗುಂಡಿ ಎಲ್ಲಿ, ಫೋಟೋ ಕಳಿಸುವುದು ಹೇಗೆ, ಕರೆ ಬಂದಾಗ ಬೆರಳನ್ನು ಯಾವ ಕಡೆಗೆ ಎಳೆಯಬೇಕು ಎಂಬುದೆಲ್ಲ ಐದಾರು ವರ್ಷದಲ್ಲಿ ಅವರ ಕೈಗೆ ಅಭ್ಯಾಸವಾಗಿದೆ. ಬೇರೆ ವ್ಯವಸ್ಥೆಗೆ ಹೋದರೆ ಆ ಅಭ್ಯಾಸವನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ಅಮ್ಮ ಈಗಾಗಲೇ ಐಫೋನ್ ಬಳಸುತ್ತಿದ್ದರೆ ಇದೇ ಮಾತು ತಿರುಗಿ ಅನ್ವಯಿಸುತ್ತದೆ: ಆಗ ಭಾರತದಲ್ಲಿ ಕೊಂಡ ಐಫೋನೇ ಸರಿ.

ಇನ್ನೊಂದು ಕಾರಣ ವಾಟ್ಸ್ಆ್ಯಪ್. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹಳೆಯ ಸಂದೇಶ, ಫೋಟೋಗಳನ್ನು ಕ್ಯೂಆರ್ ಕೋಡ್ ತೋರಿಸಿ ಸಾಗಿಸಬಹುದು. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಸಾಗಿಸಲು Move to iOS ಎಂಬ ಆ್ಯಪ್ ಬೇಕು, ಅದೂ ಐಫೋನನ್ನು ಮೊದಲ ಸಲ ಸಜ್ಜು ಮಾಡುವಾಗಲೇ ಆಗಬೇಕು. ಆ ಹಂತ ದಾಟಿ ಮುಂದೆ ಹೋದರೆ ಫೋನನ್ನು ಪೂರ್ತಿ ಅಳಿಸಿ ಮತ್ತೆ ಶುರು ಮಾಡಬೇಕು. ಮೊಮ್ಮಗುವಿನ ಮೊದಲ ಹೆಜ್ಜೆಯ ವಿಡಿಯೋ, ತೀರಿಕೊಂಡವರ ಧ್ವನಿ ಸಂದೇಶ ಉಳಿದಿರುವುದು ಎಷ್ಟೋ ಸಲ ಆ ವಾಟ್ಸ್ಆ್ಯಪ್‌ನಲ್ಲಿ ಮಾತ್ರ.

ಮಕ್ಕಳು ಮಾಡುವ ದೊಡ್ಡ ತಪ್ಪೊಂದು ಇಲ್ಲಿದೆ. ಸುಲಭವಾಗಲಿ ಎಂದು ಅಮ್ಮನ ಫೋನಿಗೆ ತಮ್ಮದೇ ಆ್ಯಪಲ್ ಅಥವಾ ಗೂಗಲ್ ಖಾತೆ ಹಾಕಿಕೊಡುತ್ತಾರೆ. ಮಗನ ಖಾತೆಯ ದೇಶ ಅಮೆರಿಕ ಎಂದಿದ್ದರೆ ಆ್ಯಪ್ ಅಂಗಡಿಯೂ ಅಮೆರಿಕದ್ದೇ ತೆರೆಯುತ್ತದೆ. ಭಾರತದ ಬ್ಯಾಂಕ್‌ಗಳ, ಬಿಲ್ ಕಟ್ಟುವ ಹಲವು ಆ್ಯಪ್ ಅಲ್ಲಿ ಹುಡುಕಿದರೂ ಸಿಗುವುದಿಲ್ಲ. ಮುಂದೆ ಫೋನ್ ರೀಸೆಟ್ ಮಾಡಬೇಕಾಗಿ ಬಂದರೆ ಅದು ಮಗನ ಪಾಸ್‌ವರ್ಡ್ ಕೇಳಿ ನಿಂತುಬಿಡುತ್ತದೆ. ಆಗ ಸಿಯಾಟಲ್‌ನಲ್ಲಿ ನಡುರಾತ್ರಿ. ಅಮ್ಮನ ಫೋನಿನಲ್ಲಿ ಅಮ್ಮನ ಹೆಸರಿನ, ಭಾರತದ ಖಾತೆಯೇ ಇರಬೇಕು. ಪಾಸ್‌ವರ್ಡ್ ಒಂದು ಡೈರಿಯಲ್ಲಿ ಬರೆದು ಕಪಾಟಿನಲ್ಲಿರಲಿ.

3. ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿದರೆ ಸಾಲದು

ಫೋನಿನ ಆಯಸ್ಸು ಬ್ಯಾಟರಿಯಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಕಂಪನಿ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ಮೇಲೆ ಹೊಸದಾಗಿ ಪತ್ತೆಯಾಗುವ ಲೋಪಗಳು ಆ ಫೋನಿನಲ್ಲಿ ಹಾಗೆಯೇ ಉಳಿಯುತ್ತವೆ. ಬ್ಯಾಂಕ್ ಆ್ಯಪ್ ಇರುವ ಫೋನಿಗೆ ಅದು ಒಳ್ಳೆಯದಲ್ಲ. ಕೆಲವು ವರ್ಷಗಳ ನಂತರ ಆ್ಯಪ್‌ಗಳೇ ಹಳೆಯ ಆಂಡ್ರಾಯ್ಡ್‌ನಲ್ಲಿ ನಡೆಯುವುದನ್ನು ನಿಲ್ಲಿಸುತ್ತವೆ.

ಅಂಗಡಿಯಲ್ಲಿ "ಆರು ವರ್ಷ ಅಪ್‌ಡೇಟ್ ಇದೆ" ಎಂದು ಹೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಲೆಕ್ಕ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಫೋನನ್ನೇ ತೆಗೆದುಕೊಳ್ಳಿ. ಅದು ಭಾರತಕ್ಕೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಕಂಪನಿ ಹೇಳಿದ್ದು ಆರು ವರ್ಷದ ಭದ್ರತಾ ಅಪ್‌ಡೇಟ್. ಅಂದರೆ ಸುಮಾರು 2030ರ ಅಕ್ಟೋಬರ್‌ವರೆಗೆ. ಅದನ್ನು ಎರಡು ವರ್ಷ ತಡವಾಗಿ, ರಿಯಾಯಿತಿ ದರದಲ್ಲಿ ಕೊಂಡರೆ ಸಿಗುವುದು ನಾಲ್ಕೇ ವರ್ಷ. ಆದ್ದರಿಂದಲೇ ಮಗನ ಸಂದೇಶದಲ್ಲಿ "ಎಷ್ಟು ವರ್ಷ" ಎಂದಿಲ್ಲ, "ಯಾವ ವರ್ಷದವರೆಗೆ" ಎಂದಿದೆ. ಅದೇ ಬೆಲೆಯಲ್ಲಿ ಎರಡು ಫೋನ್ ಎದುರಿಗಿದ್ದರೆ ಕ್ಯಾಮೆರಾ ಲೆಕ್ಕಕ್ಕಿಂತ ಈ ಇಸವಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗಿರುವ ಫೋನ್ ಎಲ್ಲಿ ನಿಂತಿದೆ ಎಂದು ತಿಳಿಯಲು ಸೆಟ್ಟಿಂಗ್ಸ್‌ನಲ್ಲಿ About phone, ಅದರೊಳಗೆ Android version ತೆರೆಯಿರಿ. ಕೊನೆಯ ಭದ್ರತಾ ಅಪ್‌ಡೇಟ್‌ನ ದಿನಾಂಕ ಕಾಣುತ್ತದೆ. ಅದು ಒಂದು ವರ್ಷಕ್ಕಿಂತ ಹಳೆಯದಾಗಿದ್ದು, ಹೊಸ ಅಪ್‌ಡೇಟ್ ಹುಡುಕಿದರೂ ಏನೂ ಸಿಗದಿದ್ದರೆ ಫೋನ್ ಬದಲಿಸುವ ಸಮಯ ಬಂದಿದೆ ಎಂದೇ ಅರ್ಥ.

ಜಾಗದ ಮಾತು ಸರಳ. ಕುಟುಂಬದ ಗುಂಪು, ಭಜನಾ ಮಂಡಳಿಯ ಗುಂಪು, ಊರಿನ ಗುಂಪು, ದಿನಾ ಬರುವ ಶುಭೋದಯದ ಚಿತ್ರ ಮತ್ತು ವಿಡಿಯೋಗಳು ಹಳೆಯ 32 ಜಿಬಿಯನ್ನು ತಿಂದುಹಾಕಿವೆ. 64 ಜಿಬಿ ಫೋನ್‌ನಲ್ಲಿ ಒಂದಿಷ್ಟು ಜಾಗ ವ್ಯವಸ್ಥೆಗೇ ಹೋಗುತ್ತದೆ, ಎರಡು ವರ್ಷದಲ್ಲಿ ಮತ್ತೆ ಅದೇ ಕಥೆ. 128 ಜಿಬಿ ಇದ್ದರೆ, ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿಟ್ಟರೆ, ನಾಲ್ಕೈದು ವರ್ಷ ತೊಂದರೆ ಇಲ್ಲ.

4. ಅಂಗಡಿಯಲ್ಲಿ ಹತ್ತು ನಿಮಿಷ

ಆನ್‌ಲೈನ್‌ನಲ್ಲಿ ಐನೂರು ರೂಪಾಯಿ ಕಡಿಮೆಗೆ ಸಿಗಬಹುದು. ಆದರೆ ಫೋನಿನ ತೂಕ ಆನ್‌ಲೈನ್‌ನಲ್ಲಿ ತಿಳಿಯುವುದಿಲ್ಲ. ಐಫೋನ್ 16ರ ತೂಕ 170 ಗ್ರಾಂ, ಅದರದೇ ಪ್ರೊ ಮ್ಯಾಕ್ಸ್ 227 ಗ್ರಾಂ. 57 ಗ್ರಾಂ ಏನು ಮಹಾ ಎನ್ನಿಸಬಹುದು. ಬೆರಳ ಗಂಟು ನೋಯುವವರು ಅರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ಹಿಡಿದು ಕೂತಾಗ ವ್ಯತ್ಯಾಸ ಗೊತ್ತಾಗುತ್ತದೆ. ಪರದೆ ದೊಡ್ಡದಾದಷ್ಟೂ ಅಕ್ಷರ ದೊಡ್ಡದು ಎಂಬುದೂ ಪೂರ್ತಿ ನಿಜವಲ್ಲ, ಅಕ್ಷರದ ಗಾತ್ರವನ್ನು ಸೆಟ್ಟಿಂಗ್ಸ್‌ನಲ್ಲೇ ಹೆಚ್ಚಿಸಬಹುದು.

ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನ್ ಕೈಗೆ ತೆಗೆದುಕೊಂಡು ಮೂರು ಕೆಲಸ ಮಾಡಿ ನೋಡಬಹುದು. ಮೊದಲು ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಏರಿಸಿ, ಕನ್ನಡಕ ತೆಗೆದು ಓದಿ ನೋಡುವುದು. ಎರಡನೆಯದು, ಭಾಷೆಯನ್ನು ಕನ್ನಡಕ್ಕೆ ಬದಲಿಸುವುದು. ಮುಂಬೈಯಲ್ಲಿ ನಲವತ್ತು ವರ್ಷ ಕಳೆದವರಿಗೆ ಮರಾಠಿ, ಹಿಂದಿ ಓದುವುದು ಕಷ್ಟವಲ್ಲ, ಆದರೆ ಎಚ್ಚರಿಕೆಯ ಸಂದೇಶ ಕನ್ನಡದಲ್ಲಿ ಕಂಡರೆ ಅದರ ಗಂಭೀರತೆ ಬೇಗ ಅರ್ಥವಾಗುತ್ತದೆ. ಅಕ್ಷರ ದೊಡ್ಡದು ಮಾಡಿದಾಗ ಕನ್ನಡದ ಒತ್ತಕ್ಷರಗಳು ಕತ್ತರಿಸಿಹೋಗದೆ ಪೂರ್ತಿ ಕಾಣುತ್ತವೆಯೇ ಎಂದೂ ಗಮನಿಸಬೇಕು. ಮೂರನೆಯದು, ಸ್ಪೀಕರ್. ಅಂಗಡಿಯ ಗದ್ದಲದಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿದರೆ ಮನೆಯಲ್ಲೂ ಕೇಳಿಸುತ್ತದೆ.

ಆಯ್ಕೆ ಮುಗಿದ ಮೇಲೆ ಪೆಟ್ಟಿಗೆ ತೆರೆಸಿ, ಹೊಸ ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಕಾಣುತ್ತದೆ. ಅದು ಪೆಟ್ಟಿಗೆಯ ಮೇಲಿನದಕ್ಕೂ ಬಿಲ್ಲಿನಲ್ಲಿ ಇರುವುದಕ್ಕೂ ಒಂದೇ ಆಗಿರಬೇಕು. ಬಳಸಿದ ಫೋನ್ ಕೊಳ್ಳುವುದಾದರೆ ದುಡ್ಡು ಕೊಡುವ ಮುನ್ನ KYM ಎಂದು ಬರೆದು, ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಅದು ಕಪ್ಪುಪಟ್ಟಿಯಲ್ಲಿದೆ ಅಥವಾ ನಕಲಿ ಎಂಬ ಉತ್ತರ ಬಂದರೆ ಆ ಫೋನ್ ಬೇಡ. ಬಿಲ್ಲಿನ ಫೋಟೋ ಮಗನ ಬಳಿಯೂ ಇರಲಿ. ಮುಂದೆ ಫೋನ್ ಕಳುವಾದರೆ ಪೊಲೀಸ್ ದೂರು ಕೊಟ್ಟು ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅದನ್ನು ದೇಶದಾದ್ಯಂತ ಬ್ಲಾಕ್ ಮಾಡಿಸಲು ಇದೇ ಸಂಖ್ಯೆ ಬೇಕು.

5. ಹಳೆಯ ಫೋನ್ ಅದೇ ದಿನ ಕೊಡಬೇಡಿ

ಎಕ್ಸ್‌ಚೇಂಜ್ ಕೊಡುಗೆಯಲ್ಲಿ ಹಳೆಯ ಫೋನನ್ನು ಹೊಸದು ಕೈಗೆ ಬರುವ ಕ್ಷಣದಲ್ಲೇ ಒಪ್ಪಿಸಬೇಕು. ಐದಾರು ವರ್ಷ ಹಳೆಯ ಫೋನಿಗೆ ಸಿಗುವ ಮೊತ್ತ ಅಲ್ಪ. ಆದರೆ ಹೊಸ ಫೋನಿಗೆ ಎಲ್ಲವನ್ನೂ ಸಾಗಿಸಲು ಹಳೆಯದು ಪಕ್ಕದಲ್ಲೇ ಇರಬೇಕು.

ಸಾಗಿಸುವ ದಿನಕ್ಕೆ ಮಗ ಮಂಗಳವಾರ ಬೆಳಿಗ್ಗೆ ಎಂದದ್ದಕ್ಕೂ ಲೆಕ್ಕ ಇದೆ. ಸೆಪ್ಟೆಂಬರ್‌ನಲ್ಲಿ ಸಿಯಾಟಲ್ ಸಮಯ ಮುಂಬೈಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಸೋಮವಾರ ರಾತ್ರಿ 9 ಗಂಟೆ ಎಂದರೆ ಡೊಂಬಿವಲಿಯಲ್ಲಿ ಮಂಗಳವಾರ ಬೆಳಿಗ್ಗೆ 9.30. ಏನಾದರೂ ಎಡವಟ್ಟಾದರೆ ಬ್ಯಾಂಕ್, ಸಿಮ್ ಕಂಪನಿಯ ಅಂಗಡಿ ಎರಡೂ ಅಂದೇ ತೆರೆದಿರುತ್ತವೆ. ಭಾನುವಾರ ಸಂಜೆ ಶುರು ಮಾಡಿದರೆ ಆ ಅನುಕೂಲ ಇಲ್ಲ.

ಮಗ ವಿಡಿಯೋ ಕಾಲ್ ಮಾಡುವುದು ಪಕ್ಕದ ಮನೆಯವರ ಫೋನಿಗೆ, ಏಕೆಂದರೆ ಅಮ್ಮನ ಎರಡೂ ಫೋನ್ ಕೆಲಸದಲ್ಲಿರುತ್ತವೆ. ಹಿಂದಿನ ದಿನವೇ ದೊಡ್ಡ ಮೊತ್ತದ ಬಿಲ್ ಕಟ್ಟಿ ಮುಗಿಸಿರಬೇಕು. ಹೊಸ ಫೋನಿನಲ್ಲಿ ಯುಪಿಐ ಜೋಡಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇರುತ್ತದೆ.

ಮೊದಲು ಹೊಸ ಫೋನನ್ನು ಮನೆಯ ವೈಫೈಗೆ ಸೇರಿಸಿ, ಅಮ್ಮನ ಗೂಗಲ್ ಖಾತೆ ಹಾಕಬೇಕು. ಹಳೆಯ ಫೋನಿನಲ್ಲಿ ಅದೇ ಖಾತೆಗೆ ಉಳಿಸಿದ ನಂಬರ್‌ಗಳು ತಾವಾಗಿ ಬರುತ್ತವೆ. ಆಮೇಲೆ ಸಿಮ್ ತೆಗೆದು ಹೊಸದಕ್ಕೆ ಹಾಕುವುದು. ಇಲ್ಲಿ ಅವಸರ ಬೇಡ. ಒಂದು ಕರೆ ಹೋಗಬೇಕು, ಒಂದು ಕರೆ ಬರಬೇಕು, ಒಂದು ಎಸ್ಸೆಮ್ಮೆಸ್ ಹೋಗಬೇಕು. ಈ ಮೂರೂ ಸರಿಯಾದ ಮೇಲೆ ಮಾತ್ರ ಮುಂದಿನ ಹೆಜ್ಜೆ.

ಮುಂದಿನದು ವಾಟ್ಸ್ಆ್ಯಪ್. ಹಳೆಯ ಫೋನಿನ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ Chats, ಅದರೊಳಗೆ Transfer chats ತೆರೆದಿಟ್ಟು, ಹೊಸ ಫೋನಿನಲ್ಲಿ ನಂಬರ್ ನೋಂದಾಯಿಸಿ ಕ್ಯೂಆರ್ ಕೋಡ್ ಹೊಂದಿಸಬೇಕು. ಮಧ್ಯೆ ಆರು ಅಂಕಿಯ ಪಿನ್ ಕೇಳಿದರೆ ಅದು ಎಸ್ಸೆಮ್ಮೆಸ್‌ನಲ್ಲಿ ಬಂದದ್ದಲ್ಲ, ಹಿಂದೆಂದೋ ಇಟ್ಟುಕೊಂಡ ಎರಡು ಹಂತದ ಪರಿಶೀಲನೆಯ ಪಿನ್. ಅದು ಮರೆತಿದ್ದು, ಇಮೇಲ್ ಕೂಡ ಕೊಟ್ಟಿಲ್ಲದಿದ್ದರೆ ಏಳು ದಿನ ಕಾಯಬೇಕಾಗುತ್ತದೆ. ಆದ್ದರಿಂದ ಆ ಪಿನ್ ಅನ್ನು ಹಳೆಯ ಫೋನಿನಲ್ಲಿ ಮುಂಚೆಯೇ ಬದಲಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಯುಪಿಐ. ಬ್ಯಾಂಕಿನಲ್ಲಿ ಕೊಟ್ಟ ನಂಬರ್ ಈ ಫೋನಿನಲ್ಲೇ ಇದೆ ಎಂದು ಖಚಿತ ಮಾಡಿಕೊಳ್ಳಲು ಆ್ಯಪ್ ಆ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಒಟಿಪಿಯನ್ನು ಮಗನಿಗೆ ಓದಿ ಹೇಳಿ ಅವನಿಂದ ಮಾಡಿಸುವಂತಿಲ್ಲದಿರುವುದು ಇದೇ ಕಾರಣಕ್ಕೆ. ಪರಿಶೀಲನೆ ವಿಫಲ ಎಂದು ತೋರಿಸಿದರೆ ಸಾಮಾನ್ಯವಾಗಿ ಕಾರಣ ಮೂರು: ಎಸ್ಸೆಮ್ಮೆಸ್ ಅನುಮತಿ ಕೊಟ್ಟಿಲ್ಲ, ಎರಡು ಸಿಮ್ ಇದ್ದು ತಪ್ಪು ಸಿಮ್ ಆಯ್ದಿದ್ದಾರೆ, ಅಥವಾ ರೀಚಾರ್ಜ್ ಅವಧಿ ಮುಗಿದು ಎಸ್ಸೆಮ್ಮೆಸ್ ಹೋಗುತ್ತಿಲ್ಲ. ಜೋಡಣೆಯಾದ ಮೇಲೆ ಹಳೆಯ ಯುಪಿಐ ಪಿನ್ನೇ ನಡೆಯುತ್ತದೆ. ಪರಿಚಯದವರಿಗೆ 1 ರೂಪಾಯಿ ಕಳಿಸಿ ನೋಡಿದರೆ ಕೆಲಸ ಮುಗಿಯಿತು.

ಫೋನ್ ಆಗಲೇ ವಿದೇಶದಿಂದ ಬಂದಾಗಿದ್ದರೆ?

ಸಿಮ್ ಜಾಗ ಇಲ್ಲದ ಫೋನ್ ಈಗಾಗಲೇ ಮನೆಗೆ ಬಂದಿದ್ದರೆ ಎಸೆಯಬೇಕಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರನ್ನು ಸಿಮ್ ಕಾರ್ಡ್‌ನಲ್ಲೇ ಹಳೆಯ ಫೋನಿನಲ್ಲಿ ಉಳಿಸಿ, ಹೊಸ ಫೋನಿಗೆ ಬೇರೊಂದು ನಂಬರ್ ಇ-ಸಿಮ್ ಆಗಿ ಹಾಕಿಸಬಹುದು. ಅದೇ ನಂಬರ್ ಬೇಕೇ ಬೇಕು ಎಂದಾದರೆ ಒಂದು ದಿನ ಒಟಿಪಿ ಬರದಿದ್ದರೂ ನಡೆಯುತ್ತದೆ ಎಂಬ ದಿನ ನೋಡಿ, ಅಂಗಡಿಗೆ ಹೋಗಿ ಬದಲಿಸಿಕೊಳ್ಳಬೇಕು. "ನಿಮ್ಮ ಸಿಮ್ ಅನ್ನು ಇ-ಸಿಮ್ ಮಾಡಿಕೊಡುತ್ತೇವೆ" ಎಂದು ತಾವಾಗಿ ಕರೆ ಮಾಡುವವರಿಗೆ ಯಾವ ಕೋಡನ್ನೂ ಹೇಳಬಾರದು. ನಂಬರನ್ನು ತಮ್ಮ ಫೋನಿಗೆ ಇಳಿಸಿಕೊಂಡು ಖಾತೆ ಖಾಲಿ ಮಾಡುವವರು ಬಳಸುವ ದಾರಿಯೇ ಅದು. ಇದ್ದಕ್ಕಿದ್ದಂತೆ ಫೋನಿನ ಸಿಗ್ನಲ್ ಪೂರ್ತಿ ಹೋಗಿ, ಪಕ್ಕದವರ ಅದೇ ಕಂಪನಿಯ ಫೋನಿಗೆ ಸಿಗ್ನಲ್ ಇದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಮಗ ದೂರದಿಂದ ಸಹಾಯ ಮಾಡಲು ವಾಟ್ಸ್ಆ್ಯಪ್ ವಿಡಿಯೋ ಕಾಲ್‌ನಲ್ಲಿ ಪರದೆ ಹಂಚಿಕೊಳ್ಳುವ ಸೌಲಭ್ಯ ಸಾಕು. ಆದರೆ ವಂಚಕರು ಕೇಳುವುದೂ ಇದನ್ನೇ. ಮನೆಯಲ್ಲಿ ಒಂದು ನಿಯಮ ಇರಲಿ: ಅಮ್ಮನೇ ಮಗನಿಗೆ ಕರೆ ಮಾಡಿದಾಗ ಮಾತ್ರ ಪರದೆ ಹಂಚಿಕೆ, ಬ್ಯಾಂಕ್ ಆ್ಯಪ್ ತೆರೆಯುವ ಮುನ್ನ ಅದನ್ನು ನಿಲ್ಲಿಸಬೇಕು.

ಹದಿನೈದು ದಿನ ಎಲ್ಲ ಸರಿಯಾಗಿ ನಡೆದ ಮೇಲೆ ಹಳೆಯ ಫೋನಿನಿಂದ ಬ್ಯಾಂಕ್ ಆ್ಯಪ್‌ಗಳನ್ನು ತೆಗೆಯಬಹುದು. ಮಾರುವುದಾದರೆ ಗೂಗಲ್ ಖಾತೆ ತೆಗೆದು ಪೂರ್ತಿ ರೀಸೆಟ್ ಮಾಡಬೇಕು. ಮಾರದೆ ಇಟ್ಟುಕೊಂಡರೆ ತಿಂಗಳಿಗೊಮ್ಮೆ ಚಾರ್ಜ್ ಮಾಡಿಟ್ಟರೆ ಸಾಕು. ಮಳೆಗಾಲದ ಒಂದು ಬೆಳಿಗ್ಗೆ ಹೊಸ ಫೋನ್ ಕೈಜಾರಿ ಬಿದ್ದು ಪರದೆ ಒಡೆದರೆ, ಅಮ್ಮ ಅದರ ಸಿಮ್ ತೆಗೆಸಿ ಕಪಾಟಿನ ಫೋನಿಗೆ ಹಾಕಿಕೊಂಡು, ಸರ್ವಿಸ್ ಸೆಂಟರ್‌ಗೆ ಹೊರಡುವ ಮುನ್ನ ಮಗನಿಗೆ ಕರೆ ಮಾಡಿ ಹೇಳಬಹುದು.